ಇಪ್ಪತ್ತೆರಡು ಜನ ಹೇಳಿದ್ದು, ಎಲ್ಲರ ಹೆಸರಲ್ಲಿ ಬರೆದಿದ್ದು

ಕಳೆದ ವರ್ಷ, ಅಂದ್ರೆ 2025ರ ಮಾರ್ಚ್‌ನಲ್ಲಿ, ನಾವು ಕೆಲವರು ಸೇರಿ ಒಂದು ಸಣ್ಣ ಸಮೀಕ್ಷೆ ಮಾಡಿದ್ವಿ. ವಿಷಯ: ಓದ್ತಾ ಪಾರ್ಟ್ ಟೈಮ್ ಕೆಲಸ ಮಾಡೋ ಕನ್ನಡದ ಹುಡುಗ ಹುಡುಗಿಯರಿಗೆ ಗಂಟೆಗೆ ನಿಜವಾಗಿ ಎಷ್ಟು ಸಿಗ್ತಿದೆ ಅನ್ನೋದು. ಶುರುವಾಗಿದ್ದು ಕ್ರೇಗಿಬರ್ನ್‌ನ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಒಬ್ಬಳು ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದು, ಅನ್ನ ಸಾರು ಬಿಸಿ ಮಾಡ್ತಾ, "ನನಗೆ ಗಂಟೆಗೆ ಹದಿನೆಂಟು ಕೊಡ್ತಾರೆ, ನಿಮಗೆ?" ಅಂತ ಕೇಳಿದಳು. ಮೇಜಿನ ಸುತ್ತ ಕೂತಿದ್ದ ನಾಲ್ವರಲ್ಲಿ ನಾಲ್ಕು ಬೇರೆ ಬೇರೆ ಉತ್ತರ ಬಂತು. ಹಾಗಾದ್ರೆ ಎಲ್ಲರನ್ನೂ ಕೇಳಿಬಿಡೋಣ ಅಂತ ಅವತ್ತೇ ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ವಿ.

ಮೂರು ವಾರ ಆದ ಮೇಲೆ ಒಂದು ಪೋಸ್ಟರ್ ಮಾಡಿದ್ವಿ. ದೊಡ್ಡ ಅಕ್ಷರದಲ್ಲಿ ಹೀಗಿತ್ತು: "ಸಿಡ್ನಿ–ಮೆಲ್ಬರ್ನ್ ಕನ್ನಡ ವಿದ್ಯಾರ್ಥಿಗಳಲ್ಲಿ ಶೇ. 64 ಮಂದಿಗೆ ಕನಿಷ್ಠ ವೇತನ ಸಿಗ್ತಿಲ್ಲ. ಕ್ರೇಗಿಬರ್ನ್ ಎಲ್ಲಕ್ಕಿಂತ ಕೆಟ್ಟದು." ಒಂದೇ ಸಂಜೆಯಲ್ಲಿ ಅದು ಎಲ್ಲ ಕಡೆ ಹರಡಿತು. ಮರುದಿನವೇ ವಾಪಸ್ ತೆಗೆದುಕೊಳ್ಳಬೇಕಾಯ್ತು. ನಾವು ಸುಳ್ಳು ಹೇಳಿರಲಿಲ್ಲ. ಫಾರ್ಮಿನಲ್ಲಿದ್ದ ಉತ್ತರಗಳೆಲ್ಲ ನಿಜವೇ. ಆದರೆ ಉತ್ತರಗಳು ಹೇಳಿದ್ದು ಒಂದು, ನಾವು ಬರೆದದ್ದು ಇನ್ನೊಂದು. ಆ ಎರಡರ ನಡುವೆ ಎಲ್ಲೆಲ್ಲಿ ಜಾರಿದ್ವಿ ಅನ್ನೋದನ್ನ ಇಲ್ಲಿ ಒಂದೊಂದಾಗಿ ಬಿಡಿಸಿ ಇಡ್ತೀವಿ. ನಮ್ಮಲ್ಲಿ ಅನೇಕರು ಕೋರ್ಸಿನ ಪ್ರಾಜೆಕ್ಟಿಗೋ ಸಂಘದ ಕೆಲಸಕ್ಕೋ ಇಂಥ ಫಾರ್ಮ್ ಕಳಿಸ್ತಾನೇ ಇರ್ತೀವಿ, ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಲೇಖನದಲ್ಲಿರೋ ನಮ್ಮ ಸಮೀಕ್ಷೆಯ ಅಂಕಿಗಳನ್ನ ಬೇಕಂತಲೇ ಬದಲಾಯಿಸಿದ್ದೀವಿ, ಉತ್ತರ ಕೊಟ್ಟವರ ಗುರುತು ಸಿಗಬಾರದು ಅಂತ. ಆದ್ದರಿಂದ ಇವನ್ನ ಲೆಕ್ಕದ ಉದಾಹರಣೆ ಅಂತ ಮಾತ್ರ ಓದಿ, ಎಲ್ಲೂ ಅಂಕಿಅಂಶ ಅಂತ ಬಳಸಬೇಡಿ. ಯಾಕೆ ಬದಲಾಯಿಸಬೇಕಾಯ್ತು ಅನ್ನೋದು ಮುಂದೆ ಬರತ್ತೆ.

ಶೇ. 64 ಎಲ್ಲಿಂದ ಬಂತು?

ಫಾರ್ಮಿಗೆ ಒಟ್ಟು 41 ಉತ್ತರ ಬಂದವು. ಅದರಲ್ಲಿ 3 ಒಬ್ಬರೇ ಎರಡೆರಡು ಸಲ ಒತ್ತಿದ್ದು. ಇನ್ನು 2 ಓದು ಮುಗಿಸಿ ಪೂರ್ತಿ ಕೆಲಸದಲ್ಲಿ ಇರೋರದ್ದು. ಅವನ್ನ ತೆಗೆದರೆ ಉಳಿದಿದ್ದು 36 ವಿದ್ಯಾರ್ಥಿಗಳು. ಈ 36ರಲ್ಲಿ 8 ಜನ ಆಗ ಯಾವ ಕೆಲಸವನ್ನೂ ಮಾಡ್ತಿರಲಿಲ್ಲ. 3 ಜನ ಸೈಕಲ್ ಮೇಲೆ ಊಟ ಹಂಚೋರು. ಅವರಿಗೆ ಗಂಟೆ ಲೆಕ್ಕದ ಸಂಬಳ ಇಲ್ಲ, ಒಂದೊಂದು ಆರ್ಡರ್‌ಗೆ ಇಷ್ಟು ಅಂತ. ಹಾಗಾಗಿ ಗಂಟೆ ಸಂಬಳದ ಕ್ಯಾಶುಯಲ್ ಕೆಲಸದಲ್ಲಿ ಇದ್ದವರು 25 ಮಂದಿ, ಎಲ್ಲರೂ 21 ವರ್ಷ ದಾಟಿದವರು. ಈ 25ರಲ್ಲಿ 3 ಜನ ಸಂಬಳದ ಪ್ರಶ್ನೆಯನ್ನ ಖಾಲಿ ಬಿಟ್ಟಿದ್ದರು. ಉತ್ತರ ಬರೆದವರು 22.

ಆಗ ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.10 ಡಾಲರ್. 2024ರ ಜುಲೈ 1ರಿಂದ ಜಾರಿಯಲ್ಲಿ ಇದ್ದಿದ್ದು ಅದು. ಕ್ಯಾಶುಯಲ್ ಕೆಲಸಕ್ಕೆ ರಜೆ ಇಲ್ಲದ ಕಾರಣ ಅದರ ಮೇಲೆ ಶೇ. 25 ಸೇರಿಸಬೇಕು, ಅಂದರೆ 30.13. ಆ 22 ಜನರಲ್ಲಿ 14 ಮಂದಿ 30.13ಕ್ಕಿಂತ ಕಡಿಮೆ ಅಂಕಿ ಬರೆದಿದ್ದರು. 14ನ್ನ 22ರಿಂದ ಭಾಗಿಸಿದರೆ 63.6. ಅದನ್ನ ಸರಿಸುಮಾರು ಮಾಡಿ 64 ಅಂದ್ವಿ.

ಈಗ ಅದೇ 14 ಜನರನ್ನ ಇಟ್ಟುಕೊಂಡು ಭಾಗಿಸೋ ಸಂಖ್ಯೆಯನ್ನ ಮಾತ್ರ ಬದಲಾಯಿಸಿ ನೋಡಿ. ಗಂಟೆ ಸಂಬಳದವರು 25 ಅಂತ ಇಟ್ಟರೆ ಶೇ. 56. ವಿದ್ಯಾರ್ಥಿಗಳು 36 ಅಂತ ಇಟ್ಟರೆ ಶೇ. 39. ಮೂರೂ ಲೆಕ್ಕ ಸರಿ. ಆದರೆ ನಮ್ಮ ಪೋಸ್ಟರ್ ಹೇಳಿದ್ದು "ಕನ್ನಡ ವಿದ್ಯಾರ್ಥಿಗಳಲ್ಲಿ ಶೇ. 64" ಅಂತ. ಅಂಕಿ 22ರದ್ದು, ವಾಕ್ಯ ಎಲ್ಲ ವಿದ್ಯಾರ್ಥಿಗಳದ್ದು. ಕೆಲಸವೇ ಮಾಡದ 8 ಜನರೂ ಆ ವಾಕ್ಯದೊಳಗೆ ಸೇರಿಹೋದರು.

ಇದು ಸಣ್ಣ ಸಮೀಕ್ಷೆಯ ತೊಂದರೆ ಮಾತ್ರ ಅಲ್ಲ. 2017ರಲ್ಲಿ ಇಲ್ಲಿ ಮದುವೆ ಕಾನೂನಿನ ಬಗ್ಗೆ ಅಂಚೆ ಸಮೀಕ್ಷೆ ನಡೆದಿದ್ದು ನಮ್ಮ ಹಿರಿಯ ಸ್ನೇಹಿತರಿಗೆ ನೆನಪಿರಬಹುದು. ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ ಎಬಿಎಸ್ ಅದನ್ನ ನಡೆಸಿತು. ಫಲಿತಾಂಶ "ಹೌದು ಶೇ. 61.6". ಸ್ಪಷ್ಟ ಉತ್ತರ ಕೊಟ್ಟವರಲ್ಲಿ ಶೇ. 61.6 ಅಂತ ಅದರ ಅರ್ಥ. ಅರ್ಹರು 1,60,06,180 ಮಂದಿ, ಉತ್ತರ ಕಳಿಸಿದವರು 1,27,27,920, ಅದರಲ್ಲಿ ಹೌದು ಅಂದವರು 78,17,247. ಇದೇ 78 ಲಕ್ಷವನ್ನ ಎಲ್ಲ ಅರ್ಹರಿಂದ ಭಾಗಿಸಿದರೆ ಸುಮಾರು ಶೇ. 49 ಆಗತ್ತೆ. ಫಲಿತಾಂಶ ಇದರಿಂದ ಬದಲಾಗೋದಿಲ್ಲ, ಯಾಕಂದ್ರೆ ಉಳಿದವರೆಲ್ಲರೂ "ಇಲ್ಲ" ಅಂದವರಲ್ಲ. ಆದರೆ ಎಬಿಎಸ್ ಎಷ್ಟು ಜನಕ್ಕೆ ಕಳಿಸಿದ್ವಿ, ಎಷ್ಟು ಬಂತು, ಅಸ್ಪಷ್ಟವಾದವು ಎಷ್ಟು (36,686) ಅಂತ ಎಲ್ಲವನ್ನೂ ಶೇಕಡಾದ ಪಕ್ಕದಲ್ಲೇ ಇಟ್ಟಿತ್ತು. ಹಾಗಾಗಿ ಯಾರು ಬೇಕಾದರೂ ಲೆಕ್ಕ ತಾಳೆ ನೋಡಬಹುದಿತ್ತು. ನಮ್ಮ ಪೋಸ್ಟರಿನಲ್ಲಿ 22 ಅನ್ನೋ ಸಂಖ್ಯೆಯೇ ಇರಲಿಲ್ಲ.

ಶೀಟ್‌ನಲ್ಲಿ ಲೆಕ್ಕ ಹಾಕುವಾಗಲೇ ಇದನ್ನ ತಡೆಯಬಹುದು. ಮೊದಲ ಸಾಲು ಎಷ್ಟು ಜನ ಅನ್ನೋದನ್ನ ಎಣಿಸಲಿ, ಎರಡನೇ ಸಾಲು ಆ ಪ್ರಶ್ನೆಗೆ ಉತ್ತರ ಕೊಟ್ಟವರನ್ನ ಎಣಿಸಲಿ. ಕೆಲಸದ ಬಗೆ D ಕಾಲಂನಲ್ಲಿ, ಸಂಬಳ F ಕಾಲಂನಲ್ಲಿ ಇದೆ ಅಂದುಕೊಳ್ಳಿ:

```
=COUNTIFS(D2:D37,"ಗಂಟೆ ಸಂಬಳ",F2:F37,"<30.13")
=COUNTIFS(D2:D37,"ಗಂಟೆ ಸಂಬಳ",F2:F37,">0")
```

ಮೊದಲನೆಯದು 14 ಕೊಡತ್ತೆ, ಎರಡನೆಯದು 22. ಖಾಲಿ ಬಿಟ್ಟ ಕೋಶಗಳನ್ನ ಇವೆರಡೂ ಎಣಿಸೋದಿಲ್ಲ. ಈ ಎರಡು ಸಂಖ್ಯೆಯನ್ನ ಯಾವಾಗಲೂ ಜೋಡಿಯಾಗಿಯೇ ಇಟ್ಟುಕೊಳ್ಳಿ. ಫಾರ್ಮ್ ತಾನೇ ತೋರಿಸೋ ವೃತ್ತದ ಚಿತ್ರದಲ್ಲಿ ಎದ್ದು ಕಾಣೋದು ಶೇಕಡಾ. ಅದನ್ನ ಸ್ಕ್ರೀನ್‌ಶಾಟ್ ತೆಗೆದು ಕತ್ತರಿಸಿ ಕಳಿಸಿದಾಗ, ಮೇಲೆ ಸಣ್ಣದಾಗಿ ಇದ್ದ ಉತ್ತರಗಳ ಸಂಖ್ಯೆ ಕತ್ತರಿಸಿಹೋಗತ್ತೆ. ನಮಗೆ ಆಗಿದ್ದೂ ಅದೇ.

ಒಬ್ಬರು ಬದಲಾದರೆ ಊರೇ ಬದಲಾಗತ್ತೆ

"ಕ್ರೇಗಿಬರ್ನ್ ಎಲ್ಲಕ್ಕಿಂತ ಕೆಟ್ಟದು" ಅಂತ ಬರೆದಿದ್ದು ಇನ್ನೂ ದೊಡ್ಡ ತಪ್ಪು. ಆ 22ರಲ್ಲಿ ಕ್ರೇಗಿಬರ್ನ್ ಸುತ್ತಮುತ್ತ ಇರೋರು 9 ಜನ, ಅದರಲ್ಲಿ 6 ಮಂದಿ 30.13ಕ್ಕಿಂತ ಕಡಿಮೆ ಬರೆದಿದ್ದರು. ಅದು ಶೇ. 67. ಬೇರೆ ಕಡೆಯವರು 13, ಅದರಲ್ಲಿ 8, ಅಂದರೆ ಶೇ. 62. ಅರವತ್ತೇಳು ಅರವತ್ತೆರಡಕ್ಕಿಂತ ಜಾಸ್ತಿ ಅಲ್ವಾ, ಬರೆದೇ ಬಿಟ್ವಿ.

ಈಗ ಆ ಒಂಬತ್ತು ಜನರಲ್ಲಿ ಒಬ್ಬರು ಅವತ್ತು ಫಾರ್ಮ್ ತುಂಬುವಾಗ 29ರ ಬದಲು 31 ಅಂತ ಬರೆದಿದ್ದರೆ? 9ರಲ್ಲಿ 5, ಶೇ. 56. ಕ್ರೇಗಿಬರ್ನ್ ತಟ್ಟನೆ "ಉತ್ತಮ" ಊರಾಗಿಬಿಡತ್ತೆ. ಒಂಬತ್ತು ಜನರ ಗುಂಪಿನಲ್ಲಿ ಒಬ್ಬೊಬ್ಬರ ತೂಕ ಶೇ. 11. ನಾವು ತೋರಿಸಿದ ವ್ಯತ್ಯಾಸ ಶೇ. 5. ಅಂದರೆ ಒಬ್ಬ ಮನುಷ್ಯನ ತೂಕಕ್ಕಿಂತಲೂ ಕಡಿಮೆ ವ್ಯತ್ಯಾಸದ ಮೇಲೆ ಒಂದು ಊರಿನ ಬಗ್ಗೆ ತೀರ್ಪು ಕೊಟ್ಟಿದ್ವಿ.

ಇದನ್ನ ಪರೀಕ್ಷೆ ಮಾಡೋಕೆ ದೊಡ್ಡ ಸಂಖ್ಯಾಶಾಸ್ತ್ರ ಬೇಡ. 100ನ್ನ ಗುಂಪಿನ ಜನರ ಸಂಖ್ಯೆಯಿಂದ ಭಾಗಿಸಿ. ಅದೇ ಒಬ್ಬರ ತೂಕ. ನೀವು ಹೇಳಬೇಕೆಂದಿರೋ ವ್ಯತ್ಯಾಸ ಒಬ್ಬಿಬ್ಬರು ಉತ್ತರ ಬದಲಿಸಿದರೆ ಅಳಿಸಿಹೋಗತ್ತೆ ಅಂದರೆ ಆ ವಾಕ್ಯವನ್ನ ಬರೆಯಬೇಡಿ. ಇಷ್ಟು ಮಾಡಿದರೆ ಅರ್ಧಕ್ಕರ್ಧ ತಪ್ಪು ಅಲ್ಲೇ ನಿಲ್ಲತ್ತೆ.

ಸಂಖ್ಯಾಶಾಸ್ತ್ರ ಓದೋ ಒಬ್ಬ ಗೆಳೆಯ ಇನ್ನೊಂದು ಲೆಕ್ಕ ಹಾಕಿಕೊಟ್ಟ. ಈ 22 ಜನರನ್ನ ಎಲ್ಲ ಕನ್ನಡ ವಿದ್ಯಾರ್ಥಿಗಳ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ್ದೀವಿ ಅಂತ ಇಟ್ಟುಕೊಂಡರೂ, 22ರಲ್ಲಿ 14 ಅನ್ನೋ ಉತ್ತರಕ್ಕೆ ಹೊಂದೋ ನಿಜವಾದ ಪ್ರಮಾಣ ಸುಮಾರು ಶೇ. 43ರಿಂದ ಶೇ. 80ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದು ಶೇ. 95ರ ಮಟ್ಟದ ಲೆಕ್ಕ, ಸಣ್ಣ ಗುಂಪಿಗೆ ಹೊಂದೋ ವಿಲ್ಸನ್ ವಿಧಾನದ್ದು. ಕ್ರೇಗಿಬರ್ನ್‌ನ 9ರಲ್ಲಿ 6ಕ್ಕೆ ಅದೇ ಲೆಕ್ಕ ಹಾಕಿದರೆ ಶೇ. 35ರಿಂದ 88. "ಅರ್ಧಕ್ಕಿಂತ ಕಡಿಮೆ" ಅನ್ನೋದೂ ಅದರೊಳಗಿದೆ, "ಹೆಚ್ಚೂಕಡಿಮೆ ಎಲ್ಲರೂ" ಅನ್ನೋದೂ ಅದರೊಳಗಿದೆ. ಅಷ್ಟು ಅಗಲದ ಮಾತನ್ನ ಎರಡು ಅಂಕಿಯ ಶೇಕಡಾದಲ್ಲಿ ಹೇಳಿದಾಗ ಇಲ್ಲದ ನಿಖರತೆ ಬಂದುಬಿಡತ್ತೆ. ಅದಕ್ಕೇ ಗುಂಪು ಇಷ್ಟು ಸಣ್ಣದಿದ್ದಾಗ ನಾವೀಗ ಶೇಕಡಾವನ್ನೇ ಬರೆಯೋದಿಲ್ಲ. "22ರಲ್ಲಿ 14" ಅಂತ ಬರೀತೀವಿ. ಅದನ್ನ ಓದಿದವರಿಗೆ ಇದು ಎಷ್ಟು ಜನರ ಮಾತು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇದೇ ಲೆಕ್ಕದ ಇನ್ನೊಂದು ಮುಖ ಸೊನ್ನೆ. "ಮಾಲೀಕರು ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರಾ?" ಅಂತಲೂ ಕೇಳಿದ್ವಿ. ಆ 22 ಜನರಲ್ಲಿ ಯಾರೂ ಹೌದು ಅನ್ನಲಿಲ್ಲ. "ಹಾಗಾದ್ರೆ ನಮ್ಮವರಿಗೆ ಆ ಸಮಸ್ಯೆ ಇಲ್ಲ" ಅಂತ ಒಬ್ಬರು ಬರೆಯೋಕೆ ಹೊರಟಿದ್ದರು. ಇಲ್ಲೊಂದು ಸುಲಭದ ಸೂತ್ರ ಇದೆ: ಸೊನ್ನೆ ಬಂದಾಗ 3ನ್ನ ಉತ್ತರ ಕೊಟ್ಟವರ ಸಂಖ್ಯೆಯಿಂದ ಭಾಗಿಸಿ. 3ನ್ನ 22ರಿಂದ ಭಾಗಿಸಿದರೆ ಸುಮಾರು ಶೇ. 14. ಅಂದರೆ ಚೀಟಿ ಎತ್ತಿ ಆರಿಸಿದ 22 ಜನರಲ್ಲಿ ಸೊನ್ನೆ ಬಂದಿದ್ದರೂ, ಹೊರಗೆ ಏಳರಲ್ಲಿ ಒಬ್ಬರಿಗೆ ಹಾಗಾಗ್ತಿರೋ ಸಾಧ್ಯತೆಯನ್ನ ತಳ್ಳಿಹಾಕೋಕೆ ಆಗಲ್ಲ. "ನಮಗೆ ಉತ್ತರ ಕೊಟ್ಟ 22 ಜನರಲ್ಲಿ ಯಾರೂ ಹೇಳಿಲ್ಲ" ಅಂತಷ್ಟೇ ಬರೆಯಬಹುದು.

ಯಾರು ತುಂಬಿದರು, ಯಾರು ತುಂಬಲಿಲ್ಲ

ಮೇಲಿನ ಲೆಕ್ಕದಲ್ಲೆಲ್ಲ "ಚೀಟಿ ಎತ್ತಿ ಆರಿಸಿದ್ದರೆ" ಅಂತ ಬಂತು. ನಾವು ಚೀಟಿ ಎತ್ತಲಿಲ್ಲ. ಗುಂಪಿಗೆ ಲಿಂಕ್ ಹಾಕಿದ್ವಿ, ಮನಸ್ಸು ಬಂದವರು ತುಂಬಿದರು. ಫಾರ್ಮಿನ ಮೇಲೆ ಶೀರ್ಷಿಕೆ "ನಿಮಗೆ ಸರಿಯಾದ ಸಂಬಳ ಸಿಗ್ತಿದೆಯಾ?" ಅಂತಿತ್ತು. ಸಂಬಳ ಸರಿಯಾಗಿ ಬರ್ತಿರೋ ಹುಡುಗ ಅದನ್ನ ನೋಡಿ ಮುಂದೆ ಸ್ಕ್ರೋಲ್ ಮಾಡ್ತಾನೆ. ಹೊಟ್ಟೆ ಉರಿಯೋನು ತುಂಬ್ತಾನೆ. ಇನ್ನೊಂದು ಕಡೆ, ತೀರಾ ಕಡಿಮೆ ಸಿಗೋಳು, ಅದೂ ಕ್ಯಾಶ್‌ನಲ್ಲಿ ಸಿಗೋಳು, ವೀಸಾಗೆ ತೊಂದರೆ ಆದೀತು ಅಂತ ಹೆದರಿ ತುಂಬೋದೇ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯೋ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಅನ್ನೋ ಮಿತಿ ಇದೆ. ಅದನ್ನ ಮೀರಿದವರು ಫಾರ್ಮ್ ಕಂಡರೆ ದೂರ. ಹಾಗಾಗಿ ನಮ್ಮ ಅಂಕಿ ನಿಜಕ್ಕಿಂತ ಜಾಸ್ತಿಯೋ ಕಡಿಮೆಯೋ ಅನ್ನೋದು ನಮ್ಮ ಉತ್ತರಗಳಿಂದ ತಿಳಿಯೋದಿಲ್ಲ.

ಜಾಸ್ತಿ ಜನ ತುಂಬಿದರೆ ಇದು ಸರಿಹೋಗತ್ತೆ ಅಂತ ಅನ್ನಿಸೋದು ಸಹಜ. ಸರಿಹೋಗಲ್ಲ. ಇದಕ್ಕೆ ಹಳೆಯ, ಎಲ್ಲ ಪಠ್ಯಪುಸ್ತಕದಲ್ಲಿರೋ ಕಥೆ 1936ರ ಅಮೆರಿಕದ್ದು. ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಚೀಟಿ ಕಳಿಸಿ, ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ತಾರೆ ಅಂತ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಸುಮಾರು ಶೇ. 61 ಮತಗಳಿಂದ. ಪತ್ರಿಕೆಯ ಪಟ್ಟಿ ಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಕಡೆಯಿಂದ ಬಂದಿದ್ದು. ಆ ಕಷ್ಟದ ಕಾಲದಲ್ಲಿ ಫೋನು ಕಾರು ಇದ್ದವರು ಬೇರೆಯೇ ವರ್ಗ. ಜೊತೆಗೆ, ಚೀಟಿ ವಾಪಸ್ ಕಳಿಸೋಷ್ಟು ಉತ್ಸಾಹ ಇದ್ದವರು ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚು. ಇಪ್ಪತ್ತಮೂರು ಲಕ್ಷಕ್ಕೇ ಹೀಗಾದರೆ ನಮ್ಮ 22ರ ಗತಿ ಏನು?

ಮೊದಲ ಪೋಸ್ಟರ್‌ನಲ್ಲಿ "ಸಿಡ್ನಿ" ಅಂತ ಹೇಗೆ ಬಂತು ಅಂತ ಕೇಳಿದರೆ ನಾಚಿಕೆ ಆಗತ್ತೆ. ಒಬ್ಬ ಗೆಳತಿ ಲಿಂಕನ್ನ ಸಿಡ್ನಿಯ ತನ್ನ ಹಳೆಯ ರೂಮ್‌ಮೇಟ್‌ಗಳಿಗೆ ಕಳಿಸಿದ್ದಳು. ಆ 22ರಲ್ಲಿ ಅಲ್ಲಿಂದ ಬಂದಿದ್ದು 3. ಮೂರು ಜನರಿಂದ ಒಂದು ಮಹಾನಗರದ ಹೆಸರು ಪೋಸ್ಟರ್ ಮೇಲೆ ಹತ್ತಿತು.

ಇನ್ನೊಂದು: "ನಿಮ್ಮ ಸಮೀಕ್ಷೆಗೆ ಎಷ್ಟು ಪಾಲು ಜನ ಉತ್ತರಿಸಿದರು?" ಅಂತ ಒಬ್ಬ ಮೇಷ್ಟ್ರು ಕೇಳಿದರು. ಹೇಳೋಕೆ ಆಗಲಿಲ್ಲ. ಮೂರು ಗುಂಪಿಗೆ ಹಾಕಿದ್ವಿ, ಒಬ್ಬರೇ ಎರಡು ಮೂರು ಗುಂಪಿನಲ್ಲಿ ಇರ್ತಾರೆ, ಅಲ್ಲಿಂದ ಎಲ್ಲೆಲ್ಲಿಗೆ ಫಾರ್ವರ್ಡ್ ಆಯ್ತೋ. ಎಷ್ಟು ಜನಕ್ಕೆ ತಲುಪಿತು ಅಂತ ಗೊತ್ತಿಲ್ಲದಾಗ ಉತ್ತರಿಸಿದವರ ಪ್ರಮಾಣ ಅನ್ನೋದೇ ಇರೋದಿಲ್ಲ. ಅಂಥ ಕಡೆ ಅಂದಾಜು ಹಾಕಿ ಒಂದು ಸಂಖ್ಯೆ ಬರೆಯೋದಕ್ಕಿಂತ "ಎಷ್ಟು ಜನರನ್ನ ತಲುಪಿದೆ ಎಂದು ಹೇಳಲು ಆಗದು" ಅಂತ ಬರೆಯೋದೇ ಸರಿ.

ಪ್ರಶ್ನೆ ಕೇಳಿದ್ದು ಹೇಗೆ

ಸಂಬಳದ ಪ್ರಶ್ನೆಯನ್ನ ನಾವು "ಗಂಟೆಗೆ ಎಷ್ಟು ಸಿಗತ್ತೆ?" ಅಂತ ಕೇಳಿದ್ವಿ. ಪೋಸ್ಟರ್ ಹೋದ ಮೇಲೆ ಶೀಟನ್ನ ಮತ್ತೆ ಕೂತು ಓದಿದಾಗ, ಆ 14ರಲ್ಲಿ 4 ಜನ ಪಕ್ಕದ ಟಿಪ್ಪಣಿಯಲ್ಲಿ "ಕೈಗೆ ಬರೋದು 27" ಅನ್ನೋ ಥರ ಬರೆದಿದ್ದು ಕಣ್ಣಿಗೆ ಬಿತ್ತು. ಅವರು ತೆರಿಗೆ ಕಳೆದು ಬ್ಯಾಂಕಿಗೆ ಬಿದ್ದ ಹಣವನ್ನ ಗಂಟೆಗಳಿಂದ ಭಾಗಿಸಿದ್ದರು. ತೆರಿಗೆಗೆ ಮುಂಚೆ ಅವರಿಗೆ 30 ದಾಟಿಯೇ ಇರಬಹುದು. ಹೆಸರು ಕೇಳಿರಲಿಲ್ಲ, ಹಾಗಾಗಿ ತಿರುಗಿ ಕೇಳೋಕೂ ದಾರಿ ಇಲ್ಲ. ಆ ನಾಲ್ಕನ್ನ "ಕಡಿಮೆ" ಅನ್ನೋ ಕಡೆಗೂ ಹಾಕುವಂತಿಲ್ಲ, "ಸರಿ" ಅನ್ನೋ ಕಡೆಗೂ ಹಾಕುವಂತಿಲ್ಲ. "ತಿಳಿಯದು" ಅಂತ ಮೂರನೇ ಸಾಲು ಮಾಡಿದ್ವಿ. ಆಗ ನಿಜವಾದ ಫಲಿತಾಂಶ ಹೀಗಾಯ್ತು: 22ರಲ್ಲಿ 10 ಕಡಿಮೆ, 8 ಕಡಿಮೆ ಅಲ್ಲ, 4 ತಿಳಿಯದು.

ಪ್ರಶ್ನೆಯ ಪದಗಳನ್ನ ಫಲಿತಾಂಶದ ಜೊತೆಗೇ ಹೊತ್ತುಕೊಂಡು ಹೋಗಬೇಕು ಅನ್ನೋದನ್ನ ನಾವು ಒಂದು ದೊಡ್ಡ ಅಧ್ಯಯನ ಓದಿ ಕಲಿತ್ವಿ. ಸಿಡ್ನಿಯ ಇಬ್ಬರು ಕಾನೂನು ಪ್ರಾಧ್ಯಾಪಕಿಯರು, ಲಾರಿ ಬರ್ಗ್ ಮತ್ತು ಬಾಸಿನಾ ಫಾರ್ಬೆನ್‌ಬ್ಲಮ್, 2016ರಲ್ಲಿ ತಾತ್ಕಾಲಿಕ ವಲಸಿಗರ ಸಂಬಳದ ಬಗ್ಗೆ ಆನ್‌ಲೈನ್ ಸಮೀಕ್ಷೆ ಮಾಡಿದರು. 4,322 ಜನ ತುಂಬಿದರು, 107 ದೇಶಗಳವರು. ವಿದೇಶಿ ವಿದ್ಯಾರ್ಥಿಗಳಲ್ಲಿ ಕಾಲು ಭಾಗ ಗಂಟೆಗೆ 12 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಪಡೆದಿದ್ದರು ಅಂತ 2017ರ ವರದಿ ಹೇಳತ್ತೆ. ಜನ ಅದನ್ನ "ವಿದ್ಯಾರ್ಥಿಗಳಿಗೆ 12 ಡಾಲರ್ ಕೊಡ್ತಾರೆ" ಅಂತ ಹೇಳಿಕೊಂಡು ತಿರುಗ್ತಾರೆ. ಆದರೆ ಅಲ್ಲಿ ಕೇಳಿದ್ದು ಅವರು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಂಬಳದ ಕೆಲಸದ ಬಗ್ಗೆ. ಇವತ್ತು ಏನು ಸಿಗ್ತಿದೆ ಅನ್ನೋದು ಬೇರೆ ಪ್ರಶ್ನೆ. ವರದಿಯ ಮಾತಿಗೆ ತೂಕ ಇರೋದು ಆ ವಿವರ ಅದರ ಜೊತೆಗೇ ಇರೋದ್ರಿಂದ. ನಾವು ಸಾಗಿಸುವಾಗ ಅದನ್ನ ಉದುರಿಸಿಬಿಡ್ತೀವಿ.

"ಅಕ್ಕಾ, ಆ ಒಂದು ನಾನೇ"

ಪೋಸ್ಟರಿನ ಎರಡನೇ ಪುಟದಲ್ಲಿ ಒಂದು ಪಟ್ಟಿ ಇತ್ತು: ಇರೋ ಊರು, ಕೆಲಸದ ಜಾಗ, ಪಾಳಿ, ಜನ. ಒಂದು ಸಾಲಿನಲ್ಲಿ ಒಬ್ಬರೇ ಇದ್ದರು. ಆ ರಾತ್ರಿ ಒಬ್ಬ ತಂಗಿ ನಮ್ಮಲ್ಲೊಬ್ಬರಿಗೆ ಫೋನ್ ಮಾಡಿದಳು.

"ಅಕ್ಕಾ, ಆ ಒಂದು ನಾನೇ. ಓನರ್ ಕೂಡ ಆ ಗುಂಪಲ್ಲೇ ಇದ್ದಾರೆ. ಈ ಕಡೆ ರಾತ್ರಿ ಪಾಳಿ ಮಾಡೋ ಕನ್ನಡದ ಹುಡುಗಿ ಬೇರೆ ಯಾರಿದ್ದಾರೆ ಹೇಳಿ?"

ಅವಳ ಹೆಸರು ಫಾರ್ಮಿನಲ್ಲಿ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಊರು, ಕೆಲಸ, ಪಾಳಿ ಅನ್ನೋ ಮೂರು ಮಾತೇ ಸಾಕಾಯ್ತು. ಮುಂದಿನ ವಾರ ಅವಳ ಪಾಳಿ ಐದರಿಂದ ಎರಡಕ್ಕೆ ಇಳಿಯಿತು. ನಮ್ಮ ಪಟ್ಟಿಯಿಂದಲೇ ಅಂತ ಹೇಳೋಕೆ ನಮ್ಮ ಹತ್ತಿರ ಪುರಾವೆ ಇಲ್ಲ. ಆದರೆ ಪೋಸ್ಟರ್ ತೆಗೆದದ್ದು ಮೊದಲು ಈ ಕಾರಣಕ್ಕೆ. ಲೆಕ್ಕದ ತಪ್ಪುಗಳು ಕಣ್ಣಿಗೆ ಬಿದ್ದಿದ್ದು ಆಮೇಲೆ.

ಸಣ್ಣ ಗುಂಪಿನಲ್ಲಿ ಎಣಿಕೆ ಕೊಡಬೇಕು ಅಂತ ಮೇಲೆ ಹೇಳಿದ್ವಿ. ಆದರೆ ಎಣಿಕೆಯನ್ನ ಬಿಡಿಸ್ತಾ ಹೋದಷ್ಟೂ ಅದರ ಹಿಂದಿನ ಮನುಷ್ಯ ಕಾಣ್ತಾನೆ. ಎಬಿಎಸ್ ಜನಗಣತಿಯ ಪಟ್ಟಿಗಳಲ್ಲಿ ಇದಕ್ಕೇ ಅಂತ ಕೋಶಗಳ ಅಂಕಿಯನ್ನ ಸ್ವಲ್ಪ ಆಚೀಚೆ ಮಾಡಿ ಪ್ರಕಟಿಸತ್ತೆ. ಒಂದು ಬಡಾವಣೆಯಲ್ಲಿ ಮನೆಯಲ್ಲಿ ಕನ್ನಡ ಮಾತಾಡೋರು ಎಷ್ಟು ಅಂತ ನೋಡುವಾಗ ಸಣ್ಣ ಸಂಖ್ಯೆ ಕಂಡರೆ ಅದನ್ನ ನೆಚ್ಚಿಕೊಳ್ಳಬಾರದು. ಒಂದೊಂದು ಕೋಶ ಕೂಡಿದರೆ ಒಟ್ಟು ಸರಿಯಾಗಿ ಹೊಂದದೆ ಇರೋದೂ ಇದೇ ಕಾರಣಕ್ಕೆ.

ನಮಗೆ ಅಷ್ಟು ಬೇಕಾಗಿಲ್ಲ. ಈಗ ನಾವು ಇಟ್ಟುಕೊಂಡಿರೋ ನಿಯಮ: ಒಂದು ಕೋಶದಲ್ಲಿ 5ಕ್ಕಿಂತ ಕಡಿಮೆ ಜನ ಇದ್ದರೆ ಆ ಸಾಲನ್ನ ಪಕ್ಕದ ಸಾಲಿಗೆ ಸೇರಿಸಿಬಿಡೋದು. ಬರೀ ಅಂಕಿ ಅಳಿಸಿ ಅಡ್ಡಗೆರೆ ಹಾಕಿದರೆ ಸಾಲದು. ಒಟ್ಟು 9 ಅಂತ ಕೆಳಗೆ ಇದ್ದು, ಮೇಲಿನ ಒಂದು ಸಾಲು 8 ಅಂತ ಇದ್ದರೆ, ಅಡ್ಡಗೆರೆ ಇರೋ ಕಡೆ 1 ಅಂತ ಎರಡನೇ ಕ್ಲಾಸಿನ ಮಗುವೂ ಹೇಳತ್ತೆ. "ತಿಳಿಯದು 4" ಅಂತ ನಾವೇ ಬರೆದಿದ್ದೀವಲ್ಲ ಅಂತ ನೀವು ಕೇಳಬಹುದು. ಅದರ ಪಕ್ಕದಲ್ಲಿ ಊರೂ ಇಲ್ಲ, ಕೆಲಸವೂ ಇಲ್ಲ. ಅಪಾಯ ಇರೋದು ಒಬ್ಬರ ಬಗ್ಗೆ ಎರಡು ಮೂರು ಸಂಗತಿಗಳು ಒಂದೇ ಸಾಲಿನಲ್ಲಿ ಸೇರಿದಾಗ.

ಮತ್ತೆ ಬರೆದಿದ್ದು

ಎಲ್ಲ ಆದ ಮೇಲೆ ನಾವು ಸಾರಾಂಶವನ್ನ ಹೀಗೆ ಬರೆದ್ವಿ:

"2025ರ ಮಾರ್ಚ್‌ನಲ್ಲಿ ಮೂರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದ ಫಾರ್ಮಿಗೆ 36 ಕನ್ನಡ ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ಉತ್ತರಿಸಿದರು, ಹೆಚ್ಚಿನವರು ಮೆಲ್ಬರ್ನ್‌ನವರು. ಎಷ್ಟು ಜನರಿಗೆ ಫಾರ್ಮ್ ತಲುಪಿತು ಎಂದು ಹೇಳಲು ಆಗದು. ಇವರಲ್ಲಿ 25 ಮಂದಿ ಗಂಟೆ ಸಂಬಳದ ಕ್ಯಾಶುಯಲ್ ಕೆಲಸದಲ್ಲಿದ್ದರು, 22 ಮಂದಿ ಸಂಬಳ ತಿಳಿಸಿದರು. 10 ಮಂದಿ ಆಗಿನ ರಾಷ್ಟ್ರೀಯ ಕ್ಯಾಶುಯಲ್ ಕನಿಷ್ಠ ದರವಾದ 30.13 ಡಾಲರಿಗಿಂತ ಕಡಿಮೆ ಬರೆದರು, 8 ಮಂದಿ ಅಷ್ಟು ಅಥವಾ ಹೆಚ್ಚು ಬರೆದರು, 4 ಮಂದಿ ಬರೆದದ್ದು ತೆರಿಗೆಯ ಮುಂಚಿನದೋ ನಂತರದ್ದೋ ಸ್ಪಷ್ಟವಿಲ್ಲ. ಉತ್ತರಿಸದವರ ಬಗ್ಗೆ ಈ ಅಂಕಿಗಳು ಏನನ್ನೂ ಹೇಳುವುದಿಲ್ಲ. ಊರೂರಿನ ಹೋಲಿಕೆಗೆ ಇವು ಸಾಲವು."

ಇದನ್ನ ಓದಿದ ಒಬ್ಬ ಅಣ್ಣ, "ಇದರಲ್ಲಿ ದಮ್ಮೇ ಇಲ್ವಲ್ರಪ್ಪ, ಯಾರು ಓದ್ತಾರೆ?" ಅಂದರು. ಅವರ ಮಾತಿನಲ್ಲೂ ಹುರುಳಿದೆ. ಶೇ. 64 ಬಾಯಿಂದ ಬಾಯಿಗೆ ಹೋಗತ್ತೆ, ಈ ಪ್ಯಾರಾ ಹೋಗಲ್ಲ. ಆದರೆ ಇದರಿಂದ ಏನೂ ಮಾಡೋಕೆ ಆಗಲ್ಲ ಅನ್ನೋದು ಮಾತ್ರ ನಿಜ ಅಲ್ಲ.

ಸಣ್ಣ ಸಮೀಕ್ಷೆಗೆ ಪ್ರಮಾಣ ಹೇಳೋ ಶಕ್ತಿ ಇಲ್ಲ, ಇರುವಿಕೆ ಹೇಳೋ ಶಕ್ತಿ ಇದೆ. "ಎಷ್ಟು ಪಾಲು ಜನಕ್ಕೆ ಹೀಗಾಗ್ತಿದೆ?" ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲ. "ನಮ್ಮ ನಡುವೆ ಹೀಗಾಗ್ತಿದೆಯಾ?" ಅಂದರೆ ಹೌದು, ಕನಿಷ್ಠ ಹತ್ತು ಜನ ಹಾಗಂತ ಬರೆದಿದ್ದಾರೆ. ನಾವು ತೀರ್ಮಾನ ಮಾಡಬೇಕಾಗಿದ್ದು ಏನು? ಪೇ ಸ್ಲಿಪ್ ಓದೋದು ಹೇಗೆ ಅಂತ ಒಂದು ಸಂಜೆ ಕೂತು ಹೇಳಿಕೊಡಬೇಕಾ ಬೇಡವಾ ಅನ್ನೋದು. ಅದಕ್ಕೆ ಹತ್ತು ಜನ ಧಾರಾಳ ಸಾಕು, ಶೇಕಡಾ ಬೇಕಾಗೇ ಇಲ್ಲ. ಕ್ರೇಗಿಬರ್ನ್ ಲೈನಿನಲ್ಲಿ ಇರೋರಿಗೂ ಸಿಟಿಯಲ್ಲಿ ಇರೋರಿಗೂ ಹತ್ತಿರ ಆಗೋ ಹಾಗೆ ಒಂದು ಲೈಬ್ರರಿ ಕೋಣೆ ತೆಗೆದುಕೊಂಡು ಮಾಡಿದ್ವಿ. ಫೇರ್ ವರ್ಕ್ ಆಂಬುಡ್ಸ್‌ಮನ್‌ನ ನಂಬರ್ 13 13 94 ಅನ್ನ ಬೋರ್ಡಿನ ಮೇಲೆ ಬರೆದಿಟ್ವಿ. ಕೆಲಸದ ಬಗೆಗೆ ತಕ್ಕ ಅವಾರ್ಡ್ ದರ ಈ ಕನಿಷ್ಠಕ್ಕಿಂತ ಮೇಲೆಯೇ ಇರಬಹುದು, ಶನಿವಾರ ಭಾನುವಾರಕ್ಕೆ ಬೇರೆ ದರ ಇರಬಹುದು, ಅದನ್ನ ಅಲ್ಲಿ ಕೇಳಬಹುದು ಅಂತ ಹೇಳಿದ್ವಿ. ಅದೇ, "30.13ಕ್ಕಿಂತ ಕಡಿಮೆ ಅಲ್ಲ" ಅಂತ ಬರೆದ ಎಂಟು ಜನರಿಗೂ ಸರಿಯಾದ ಸಂಬಳ ಸಿಗ್ತಿದೆ ಅಂತ ನಾವು ಬರೆಯದೆ ಇದ್ದಿದ್ದಕ್ಕೆ ಕಾರಣ.

ಈ ವರ್ಷದ ಫಾರ್ಮ್‌ನಲ್ಲಿ ಪ್ರಶ್ನೆ ಹೀಗಿದೆ: "ಪೇ ಸ್ಲಿಪ್‌ನಲ್ಲಿ ಇರುವಂತೆ, ತೆರಿಗೆ ಕಳೆಯುವ ಮುಂಚೆ, ಸಾಮಾನ್ಯ ವಾರದ ದಿನಕ್ಕೆ ಗಂಟೆಗೆ ಎಷ್ಟು?" ಅದರ ಕೆಳಗೆ "ಪೇ ಸ್ಲಿಪ್ ಕೊಡುವುದಿಲ್ಲ" ಅಂತ ಒಂದು ಆಯ್ಕೆಯೂ ಇದೆ. ಶೀರ್ಷಿಕೆ ಬರೀ "ಪಾರ್ಟ್ ಟೈಮ್ ಕೆಲಸದ ಬಗ್ಗೆ". ಊರು ಕೇಳೋದನ್ನ ಬಿಟ್ಟಿದ್ದೀವಿ. ಆ ತಂಗಿ ಈಗ ಬೇರೆ ಕಡೆ ಕೆಲಸದಲ್ಲಿ ಇದ್ದಾಳೆ. ಫಾರ್ಮ್ ಕಳಿಸೋ ಮುಂಚೆ ಅವಳಿಗೇ ಮೊದಲು ತೋರಿಸಿದ್ವಿ. ಓದಿ, ಪಾಳಿಯ ಪ್ರಶ್ನೆಯನ್ನೂ ತೆಗೆದುಹಾಕಿ ಅಂದಳು. ತೆಗೆದ್ವಿ.